ಪ್ರಾಜೆಕ್ಟ್ ವರದಿಯಿಂದ ಸಂಶೋಧನಾ ಪೋಸ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಡಿಗ್ರಿ ಮತ್ತು ಪಿಜಿ ವಿದ್ಯಾರ್ಥಿಗಳು ಪ್ರಾಜೆಕ್ಟ್ ಮುಗಿಸಿ ಪೋಸ್ಟರ್ ಮಾಡಲು ಕೂತಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲ ಉತ್ತರಗಳಿಗೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ವಿತರಣಾ ಕಾಲುವೆ, ಅದರ ಮೇಲ್ಭಾಗ, ಮಧ್ಯ ಮತ್ತು ಟೇಲ್‌ಎಂಡ್ ಗದ್ದೆಗಳ ಮಣ್ಣಿನ ಸವಳಿನ ಅಧ್ಯಯನ. ವರದಿ 84 ಪುಟ, 14 ಟೇಬಲ್, 22 ಚಿತ್ರ ಅಂದುಕೊಳ್ಳಿ. ಇದರಲ್ಲಿ ಬರುವ ಮಣ್ಣಿನ ಅಂಕಿಗಳು ವಿವರಣೆಗಾಗಿ ನಾನೇ ಮಾಡಿಕೊಂಡವು, ಯಾವ ಊರಿನ ಲೆಕ್ಕವೂ ಅಲ್ಲ. ಕಾಗದ, ಅಕ್ಷರ, ಪಿಕ್ಸೆಲ್ ಅಳತೆಗಳು ಮತ್ತು ಸವಳು, ಸೋಡಿಯಂ ಗುರುತಿಸುವ ಮಿತಿಗಳು ಮಾತ್ರ ನಿಜವಾದವು.

## ಶುರು ಮಾಡುವ ಮೊದಲು

84 ಪುಟ ಇದೆ ಸರ್, ಎಲ್ಲಿಂದ ಕತ್ತರಿಸೋದು?

ಕತ್ತರಿಸಲು ಹೋಗಬೇಡಿ. ಮೊದಲ ಅಧ್ಯಾಯದಿಂದ ಶುರು ಮಾಡಿ ಪ್ಯಾರಾ ಪ್ಯಾರಾ ಸಣ್ಣದು ಮಾಡುತ್ತಾ ಹೋದರೆ ಕೊನೆಗೆ ಸಣ್ಣ ಅಕ್ಷರದ ವರದಿಯೇ ಗೋಡೆಗೆ ಬರುತ್ತದೆ. ವರದಿಯನ್ನು ಮುಚ್ಚಿಟ್ಟು, ಖಾಲಿ ಹಾಳೆಯಲ್ಲಿ ಒಂದೇ ವಾಕ್ಯ ಬರೆಯಿರಿ: ನಮಗೆ ಗೊತ್ತಾಗಿದ್ದೇನು? ನಮ್ಮ ಉದಾಹರಣೆಯಲ್ಲಿ ಅದು, "ಕಾಲುವೆಯ ತುದಿಗೆ ಹೋದಂತೆ ಮಣ್ಣಿನ ಸವಳು ಏರುತ್ತದೆ."

ಆಮೇಲೆ ವರದಿ ತೆರೆದು 22 ಚಿತ್ರಗಳಲ್ಲಿ ಈ ವಾಕ್ಯವನ್ನು ನೇರವಾಗಿ ತೋರಿಸುವ ಒಂದನ್ನು ಹುಡುಕಿ. ಅದು ಪೋಸ್ಟರ್‌ನ ಮುಖ್ಯ ಚಿತ್ರ. ಅದನ್ನು ನಂಬಬೇಕಾದರೆ ನೋಡುವವನಿಗೆ ಇನ್ನೇನು ಬೇಕು ಅಂತ ಕೇಳಿಕೊಳ್ಳಿ. ಮಾದರಿ ಎಲ್ಲಿಂದ ತಂದಿರಿ ಅಂತ ತೋರಿಸುವ ನಕ್ಷೆ ಒಂದು. ಭತ್ತದ ಇಳುವರಿಗೂ ಇದಕ್ಕೂ ಸಂಬಂಧ ಕಾಣಿಸುವ ಇನ್ನೊಂದು ಗ್ರಾಫ್. ಮೂರು ಚಿತ್ರ ಆಯ್ತು. ಉಳಿದ 19 ವರದಿಯಲ್ಲೇ ಇರಲಿ, ಅಲ್ಲಿ ಅವು ಸುಖವಾಗಿವೆ.

ಮುಖ್ಯ ಚಿತ್ರ ಸಿಗಲೇ ಇಲ್ಲ ಅಂದರೆ ಅದಕ್ಕೂ ಅರ್ಥ ಇದೆ. ಹೇಳಬೇಕಾದದ್ದು ಯಾವುದೋ ಟೇಬಲ್ ಒಳಗೆ ಕೂತಿದೆ, ಅದರಿಂದ ಹೊಸ ಚಿತ್ರ ಬರೆಯಬೇಕು. ಇದು ಬಹಳ ಸಲ ಆಗುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಸೈಜ್ ಎಷ್ಟು ಇಡಬೇಕು? ಎ0 ಅಂತಾರೆ, ಫ್ಲೆಕ್ಸ್ ಅಂಗಡಿಯವರು 3 ಬೈ 4 ಅಡಿ ಅಂತಾರೆ.

ಇವೆರಡೂ ಒಂದೇ ಅಲ್ಲ. ಎ0 ಅಂದರೆ 84.1 × 118.9 ಸೆಂ.ಮೀ. 3 × 4 ಅಡಿ ಅಂದರೆ 91.4 × 121.9 ಸೆಂ.ಮೀ. ಎ0 ಫೈಲನ್ನು ಅಂಗಡಿಯವರು 3 × 4 ಅಡಿಗೆ ಎಳೆದು ಕೂರಿಸಿದರೆ ಅಗಲ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ, ಎತ್ತರ ಎರಡೂವರೆ ಪರ್ಸೆಂಟ್ ಮಾತ್ರ. ಕಾಲೇಜಿನ ಗುಂಡನೆಯ ಲಾಂಛನ ಮೊಟ್ಟೆಯಾಗುವುದು ಹೀಗೆ.

ಕಾರ್ಯಕ್ರಮದವರು ಕೊಟ್ಟ ಸ್ಟ್ಯಾಂಡಿನ ಅಳತೆ ಮೊದಲು ಕೇಳಿ. ಪೋಸ್ಟರ್ ಉದ್ದಕ್ಕೆ ನಿಲ್ಲಬೇಕೋ ಅಡ್ಡಕ್ಕೋ ಅನ್ನುವುದನ್ನು ಆ ಸ್ಟ್ಯಾಂಡೇ ತೀರ್ಮಾನಿಸುತ್ತದೆ. ಪ್ರಿಂಟ್ ಅಡಿ ಲೆಕ್ಕದಲ್ಲೇ ಆಗುವುದಾದರೆ ಪುಟವನ್ನು ಮೊದಲೇ 91.4 × 121.9 ಅಂತ ಇಟ್ಟುಕೊಳ್ಳಿ. ಇಲ್ಲವೇ "ಎಳೀಬೇಡಿ ಅಣ್ಣಾ, ಎರಡೂ ಕಡೆ ಬಿಳಿ ಬಿಡಿ" ಅಂತ ಹೇಳಿ. ಆಗ ಎತ್ತರ ತುಂಬಿ, ಅಗಲದಲ್ಲಿ ಎರಡೂ ಬದಿ ಎರಡೂವರೆ ಸೆಂಟಿಮೀಟರ್ ಚಿಲ್ಲರೆ ಖಾಲಿ ಉಳಿಯುತ್ತದೆ. ಅದರಿಂದ ಏನೂ ಕೆಡುವುದಿಲ್ಲ.

ಪವರ್‌ಪಾಯಿಂಟ್‌ನಲ್ಲಿ ಮಾಡುವವರು `Design → Slide Size → Custom Slide Size` ಗೆ ಹೋಗಿ ಅಳತೆಯನ್ನು ಮೊದಲೇ ಹಾಕಿ. ಅರ್ಧ ಕೆಲಸ ಆದ ಮೇಲೆ ಸೈಜ್ ಬದಲಿಸಿದರೆ ಇಟ್ಟ ಅಕ್ಷರ, ಚಿತ್ರ ಎಲ್ಲವೂ ಜಾಗ ಬಿಟ್ಟು ಓಡುತ್ತವೆ.

## ಅಕ್ಷರ ಮತ್ತು ಪದದ ಮಿತಿ

ಅಕ್ಷರ ಎಷ್ಟು ದೊಡ್ಡದಿರಬೇಕು? ಸ್ಕ್ರೀನ್ ಮೇಲೆ ಚೆನ್ನಾಗೇ ಕಾಣುತ್ತಲ್ಲ?

ಸ್ಕ್ರೀನ್ ಮೇಲೆ ಪೋಸ್ಟರ್ ಅನ್ನು ನೀವು ಝೂಮ್ ಮಾಡಿ ನೋಡುತ್ತಿರುತ್ತೀರಿ. ಗೋಡೆಯ ಮುಂದೆ ನಿಂತವನಿಗೆ ಝೂಮ್ ಇಲ್ಲ. ಅವನು ಸುಮಾರು 1.2 ಮೀಟರ್ ದೂರದಲ್ಲಿ ನಿಂತಿರುತ್ತಾನೆ, ಮುಂದೆ ಇನ್ನಿಬ್ಬರು ಇದ್ದರೆ ಇನ್ನೂ ದೂರ.

ಲೆಕ್ಕ ಸರಳ. ಕೈಯಲ್ಲಿ ಹಿಡಿದ ಪುಸ್ತಕ 40 ಸೆಂ.ಮೀ. ದೂರದಲ್ಲಿರುತ್ತದೆ, ಅದರ ಅಕ್ಷರ 10 ಪಾಯಿಂಟ್. ಪೋಸ್ಟರ್ ಮೂರು ಪಟ್ಟು ದೂರ, ಹಾಗಾಗಿ ಅಕ್ಷರವೂ ಮೂರು ಪಟ್ಟು, ಅಂದರೆ 30 ಪಾಯಿಂಟ್. ನಾನು ಹೇಳುವ ಅಳತೆ ಹೀಗಿದೆ: ಮಾಮೂಲಿ ಪಠ್ಯ 28ರಿಂದ 32, ಚಿತ್ರದ ಕೆಳಗಿನ ವಿವರಣೆ 24, ವಿಭಾಗದ ತಲೆಬರಹ 44ರ ಆಸುಪಾಸು, ಮುಖ್ಯ ಶೀರ್ಷಿಕೆ 90. ಆಕರ, ಕೃತಜ್ಞತೆ 20ಕ್ಕೆ ಇಳಿಯಬಹುದು. ಅದಕ್ಕಿಂತ ಕೆಳಗೆ ಯಾವುದೂ ಬೇಡ.

ಪರೀಕ್ಷೆಗೆ ಒಂದೇ ಎ4 ಹಾಳೆ ಸಾಕು. ಎ0ದ ಉದ್ದ, ಅಗಲ ಎರಡೂ ಎ4ನ ನಾಲ್ಕು ಪಟ್ಟು. ಪೋಸ್ಟರ್ ಅನ್ನು ಎ4ನಲ್ಲಿ ಪ್ರಿಂಟ್ ತೆಗೆದು 30 ಸೆಂ.ಮೀ. ದೂರದಲ್ಲಿ, ಅಂದರೆ ಒಂದು ಸ್ಕೇಲ್ ಉದ್ದದಲ್ಲಿ ಹಿಡಿಯಿರಿ. ಅಲ್ಲಿ ಕಣ್ಣಿಗೆ ಕಂಡಷ್ಟೇ 1.2 ಮೀಟರ್ ದೂರದ ಎ0 ಪೋಸ್ಟರ್‌ನಲ್ಲೂ ಕಾಣುತ್ತದೆ. 28 ಪಾಯಿಂಟ್ ಇಲ್ಲಿ 7 ಆಗಿರುತ್ತದೆ, ಓದಬಹುದು. 14 ಪಾಯಿಂಟ್ ಇಟ್ಟಿದ್ದರೆ ಅದು ಮೂರೂವರೆ ಆಗಿರುತ್ತದೆ. ಹಾಳೆಯನ್ನು ಮೂಗಿನ ಹತ್ತಿರ ತಂದಿರಿ ಅಂದರೆ ಪೋಸ್ಟರ್ ಫೇಲ್.

ಒಟ್ಟು ಎಷ್ಟು ಪದ ಹಾಕಬಹುದು?

ಎ0ಗೆ ಕನ್ನಡದಲ್ಲಿ 350 ಪದದ ಸುತ್ತಮುತ್ತ. ಇಂಗ್ಲಿಷ್ ಪೋಸ್ಟರ್‌ಗೆ 500ರಿಂದ 600 ಅಂತ ಹೇಳುತ್ತೇನೆ. ಕನ್ನಡದ ಒಂದು ಪದ ವಿಭಕ್ತಿ, ಪ್ರತ್ಯಯ ಎಲ್ಲ ಹೊತ್ತು ಉದ್ದವಾಗಿರುವುದರಿಂದ ಅಷ್ಟೇ ವಿಷಯಕ್ಕೆ ಪದ ಕಡಿಮೆ ಬೇಕು, ಆದರೆ ಜಾಗ ಕಡಿಮೆ ಬೇಕಾಗುವುದಿಲ್ಲ. ಕಾರ್ಯಕ್ರಮದವರು ಬೇರೆ ಮಿತಿ ಕೊಟ್ಟಿದ್ದರೆ ಅದೇ ಅಂತಿಮ.

ಸವಳಿನ ಪೋಸ್ಟರ್‌ಗೆ ನಾನು ಹೀಗೆ ಹಂಚುತ್ತೇನೆ. ಸಮಸ್ಯೆ ಏನು ಅನ್ನುವುದಕ್ಕೆ 50 ಪದ. ವಿಧಾನಕ್ಕೆ 60. ಮೂರು ಚಿತ್ರಗಳ ವಿವರಣೆ ಮತ್ತು ಫಲಿತಾಂಶಕ್ಕೆ 130. ತೀರ್ಮಾನ ಮತ್ತು ಅಧ್ಯಯನದ ಮಿತಿಗೆ 60. ಶೀರ್ಷಿಕೆ, ಹೆಸರು, ಆಕರ, ಕೃತಜ್ಞತೆಗೆ 50. ಫಲಿತಾಂಶದ ಪಾಲು ದೊಡ್ಡದಿರುವುದನ್ನು ಗಮನಿಸಿ. ಬಹಳಷ್ಟು ಪೋಸ್ಟರ್‌ಗಳಲ್ಲಿ ಪೀಠಿಕೆಯೇ ಅರ್ಧ ತಿಂದಿರುತ್ತದೆ. ತುಂಗಭದ್ರಾ ನದಿ ಎಲ್ಲಿ ಹುಟ್ಟುತ್ತದೆ ಅನ್ನುವುದರಿಂದ ಶುರುವಾಗುವ ಪೀಠಿಕೆಗಳು ನಮ್ಮಲ್ಲಿ ಜಾಸ್ತಿ.

ವಿಧಾನದ ಅಧ್ಯಾಯ 11 ಪುಟ ಇದೆ. 60 ಪದಕ್ಕೆ ಇಳಿಸೋದು ಹೇಗೆ?

ಒಂದು ತುಣುಕನ್ನೇ ತೆಗೆದುಕೊಳ್ಳೋಣ. ವರದಿಯಲ್ಲಿ ಹೀಗಿರುತ್ತದೆ:

"ಪ್ರಸ್ತುತ ಅಧ್ಯಯನದಲ್ಲಿ ವಿತರಣಾ ಕಾಲುವೆಯ ಮೇಲ್ಭಾಗ, ಮಧ್ಯಭಾಗ ಹಾಗೂ ಕೆಳಭಾಗಗಳಲ್ಲಿನ ಆಯ್ದ ಗದ್ದೆಗಳಿಂದ ಮಣ್ಣಿನ ಮಾದರಿಗಳನ್ನು ಸಂಗ್ರಹಿಸಲಾಯಿತು. ಸಂಗ್ರಹಿಸಲಾದ ಮಾದರಿಗಳನ್ನು ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, 2 ಮಿ.ಮೀ. ಜರಡಿಯಲ್ಲಿ ಸೋಸಿ, ಪ್ರಯೋಗಾಲಯದಲ್ಲಿ ವಿಶ್ಲೇಷಣೆಗೆ ಒಳಪಡಿಸಲಾಯಿತು."

ಪೋಸ್ಟರ್‌ನಲ್ಲಿ ಇಷ್ಟಾದರೆ ಸಾಕು:

"36 ಗದ್ದೆ: ಮೇಲ್ಭಾಗ 12, ಮಧ್ಯ 12, ಟೇಲ್‌ಎಂಡ್ 12. ಆಳ 0–15 ಸೆಂ.ಮೀ. ಬೇಸಿಗೆಯಲ್ಲಿ, ಭತ್ತ ಕೊಯ್ದ ಮೇಲೆ. ಇಸಿ ಅಳೆದದ್ದು ಸ್ಯಾಚುರೇಶನ್ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ."

ಒಣಗಿಸಿದ್ದು, ಜರಡಿ ಹಿಡಿದದ್ದು ಹೋಯಿತು. ಅದನ್ನು ಎಲ್ಲರೂ ಹಾಗೆಯೇ ಮಾಡುತ್ತಾರೆ, ನೋಡುವವನು ಕೇಳುವುದೂ ಇಲ್ಲ. ಆದರೆ ಕೊನೆಯ ಸಾಲನ್ನು ಮಾತ್ರ ತೆಗೆಯುವಂತಿಲ್ಲ. ಇಸಿ ಅಂದರೆ ಮಣ್ಣಿನ ವಿದ್ಯುತ್ ವಾಹಕತೆ. 4 ಡೆಸಿಸೀಮನ್ಸ್/ಮೀಟರ್ ದಾಟಿದರೆ ಸವಳು ಮಣ್ಣು ಅನ್ನುವ ಗೆರೆ ಇರುವುದು ಸ್ಯಾಚುರೇಶನ್ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ, ಅಂದರೆ ಮಣ್ಣು ಪೂರ್ತಿ ನೆನೆಯುವಷ್ಟೇ ನೀರು ಹಾಕಿ ಹಿಂಡಿ ತೆಗೆದ ದ್ರವದಲ್ಲಿ, ಅಳೆದಾಗ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದರೆ ಅದೇ ಮಣ್ಣು ಕಡಿಮೆ ಅಂಕಿ ಕೊಡುತ್ತದೆ, ಯಾಕೆಂದರೆ ನೀರು ಜಾಸ್ತಿಯಾಗಿ ಉಪ್ಪು ತಿಳಿಯಾಗಿರುತ್ತದೆ. ಆ ಗ್ರಾಫ್ ಮೇಲೆ 4ರ ಗೆರೆ ಎಳೆದರೆ ಸವಳಿರುವ ಗದ್ದೆಯೂ ಒಳ್ಳೆಯದು ಅಂತ ಕಾಣುತ್ತದೆ. ಗಂಗಾವತಿ ಕಡೆಯಿಂದ ಬಂದ ಯಾರಾದರೂ ಮಣ್ಣು ವಿಜ್ಞಾನಿ ನಿಮ್ಮ ಪೋಸ್ಟರ್ ಮುಂದೆ ನಿಂತರೆ ಮೊದಲು ಕೇಳುವುದು ಇದನ್ನೇ.

ಹಾಗಾಗಿ ಪ್ರತಿ ಸಾಲಿಗೂ ಒಂದು ಪ್ರಶ್ನೆ ಹಾಕಿ: ಇದು ಬೇರೆ ರೀತಿ ಇದ್ದಿದ್ದರೆ ನಮ್ಮ ಚಿತ್ರದ ಅಂಕಿ ಬದಲಾಗುತ್ತಿತ್ತಾ? ಹೌದು ಅಂದರೆ ಉಳಿಸಿ. ಇಲ್ಲ ಅಂದರೆ ಬಿಡಿ.

ಶೀರ್ಷಿಕೆ ವರದಿಯದ್ದೇ ಇರಬೇಕು ಅಂತಾರೆ ನಮ್ಮ ಗೈಡ್. ಮೂರು ಸಾಲು ಬರುತ್ತದೆ!

"ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟು ಪ್ರದೇಶದ ಆಯ್ದ ಗ್ರಾಮಗಳಲ್ಲಿನ ಮಣ್ಣಿನ ಲವಣಾಂಶದ ಪ್ರಾದೇಶಿಕ ವ್ಯತ್ಯಾಸದ ಕುರಿತು ಒಂದು ಅಧ್ಯಯನ" ಅನ್ನುವಂಥದ್ದು ತಾನೇ? ಇದರಲ್ಲಿ ಉತ್ತರವೇ ಇಲ್ಲ. ಎರಡನ್ನೂ ಇಡಿ. ಮೇಲೆ 90 ಪಾಯಿಂಟ್‌ನಲ್ಲಿ ನಿಮ್ಮ ಒಂದು ವಾಕ್ಯ, ಅದರ ಕೆಳಗೆ 36 ಪಾಯಿಂಟ್‌ನಲ್ಲಿ ವರದಿಯ ಅಧಿಕೃತ ಶೀರ್ಷಿಕೆ. ಗೈಡ್ ಸಾಮಾನ್ಯವಾಗಿ ಇದಕ್ಕೆ ಒಪ್ಪುತ್ತಾರೆ.

ಒಂದು ಎಚ್ಚರಿಕೆ. ಸವಳು ಏರುತ್ತದೆ ಅಂತ ಹೇಳುವಷ್ಟು ಡೇಟಾ ಇದೆ. ನೀರು ಸರಿಯಾಗಿ ಬಿಡದಿದ್ದಕ್ಕೇ ಏರಿತು ಅಂತ ಹೇಳುವಷ್ಟು ಇಲ್ಲ. ಶೀರ್ಷಿಕೆ ಚಿಕ್ಕದು ಮಾಡುವ ಭರದಲ್ಲಿ ಕಾರಣವನ್ನೂ ಸೇರಿಸಿಬಿಡಬೇಡಿ.

## ಚಿತ್ರಗಳು

ಟೇಬಲ್ ಹಾಗೇ ಹಾಕಬಹುದಾ? 36 ಸಾಲು ಇದೆ.

ಬೇಡ. 36 ಸಾಲಿನ ಟೇಬಲ್ ಮುಂದೆ ಯಾರೂ ನಿಲ್ಲುವುದಿಲ್ಲ. ಅದೇ 36 ಅಂಕಿಗಳನ್ನು 36 ಚುಕ್ಕಿ ಮಾಡಿ. ಅಡ್ಡ ಅಕ್ಷದಲ್ಲಿ ಮೇಲ್ಭಾಗ, ಮಧ್ಯ, ಟೇಲ್‌ಎಂಡ್. ನೆಟ್ಟಗಿನ ಅಕ್ಷದಲ್ಲಿ ಇಸಿ. ಒಂದೊಂದು ಜಾಗದಲ್ಲಿ 12 ಚುಕ್ಕಿ, ಸರಾಸರಿಗೆ ಒಂದು ಸಣ್ಣ ಅಡ್ಡಗೆರೆ, 4ರ ಹತ್ತಿರ ಚುಕ್ಕಿ ಚುಕ್ಕಿ ಗೆರೆ.

ಸರಾಸರಿಯ ಮೂರು ಕಂಬ ಎಬ್ಬಿಸಿದರೂ ಆಗುತ್ತದಲ್ಲ ಅಂತ ಕೇಳುತ್ತಾರೆ. ನಮ್ಮ ಉದಾಹರಣೆಯಲ್ಲಿ ಸರಾಸರಿ 1.4, 2.6, 5.8 ಅಂತಿಟ್ಟುಕೊಳ್ಳಿ. ಕಂಬದ ಗ್ರಾಫ್ ನೋಡಿದವನಿಗೆ ಟೇಲ್‌ಎಂಡಿನ ಎಲ್ಲ ಗದ್ದೆಯೂ ಸವಳು ಅನ್ನಿಸುತ್ತದೆ. ಚುಕ್ಕಿ ಹಾಕಿದಾಗ ಬೇರೆ ಕತೆ ಕಾಣುತ್ತದೆ: 12ರಲ್ಲಿ 4 ಗದ್ದೆ ಇನ್ನೂ ಗೆರೆಯ ಕೆಳಗೇ ಇವೆ, ಎರಡು ಮಾತ್ರ 11, 12ರ ತನಕ ಹೋಗಿ ಸರಾಸರಿಯನ್ನು ಮೇಲಕ್ಕೆ ಎಳೆದಿವೆ. ಆ ನಾಲ್ಕು ಗದ್ದೆ ಹೇಗೆ ಉಳಿದವು ಅನ್ನುವುದೇ ನೋಡುವವರು ಕೇಳುವ ಒಳ್ಳೆಯ ಪ್ರಶ್ನೆ. ಕಂಬ ಅದನ್ನು ಮುಚ್ಚಿಹಾಕುತ್ತದೆ.

ಟೇಬಲ್ ಬೇಕೇ ಬೇಕು ಅಂದರೆ ನಾಲ್ಕು ಸಾಲು, ನಾಲ್ಕು ಕಾಲಂ ಮಿತಿ.

ವರದಿಯ ಗ್ರಾಫನ್ನೇ ಎಳೆದು ದೊಡ್ಡದು ಮಾಡಿದರೆ ಸಾಕಲ್ವಾ?

ಕೆಲವು ಸಲ ಸಾಕು, ಕೆಲವು ಸಲ ಇಲ್ಲ. ಲೆಕ್ಕ ಹಾಕಿ ನೋಡಿ. ಹೊಸ ಅಗಲವನ್ನು ಹಳೆಯ ಅಗಲದಿಂದ ಭಾಗಿಸಿ, ಬಂದದ್ದನ್ನು ಗ್ರಾಫಿನ ಒಳಗಿನ ಅಕ್ಷರದ ಪಾಯಿಂಟ್‌ಗೆ ಗುಣಿಸಿ. ವರದಿಯಲ್ಲಿ ಗ್ರಾಫ್ 15 ಸೆಂ.ಮೀ. ಅಗಲ, ಒಳಗಿನ ಅಕ್ಷರ 10 ಪಾಯಿಂಟ್ ಇತ್ತು. ಪೋಸ್ಟರ್‌ನಲ್ಲಿ 38 ಸೆಂ.ಮೀ. ಮಾಡಿದಿರಿ. 38 ಭಾಗಿಸು 15 ಅಂದರೆ ಎರಡೂವರೆ, ಅಕ್ಷರ 25 ಪಾಯಿಂಟ್ ಆಯಿತು. ಪಾಸ್.

ಇನ್ನೊಂದು ಗ್ರಾಫ್ 16 ಸೆಂ.ಮೀ., ಅಕ್ಷರ 8 ಪಾಯಿಂಟ್, ಅದನ್ನು 25 ಸೆಂ.ಮೀ. ಕಾಲಂನಲ್ಲಿ ಇಟ್ಟಿರಿ. ಅಕ್ಷರ 12.5 ಪಾಯಿಂಟ್. ಸುತ್ತಲಿನ ಪಠ್ಯ 28 ಇರುವಾಗ ಅಕ್ಷದ ಅಂಕಿಗಳು ಇರುವೆ ಸಾಲಿನ ಹಾಗೆ ಕಾಣುತ್ತವೆ. ಇಂಥದ್ದನ್ನು ಹೊಸದಾಗಿಯೇ ಬರೆಯಬೇಕು.

ಹೊಸದಾಗಿ ಬರೆಯುವಾಗ ಗ್ರಾಫನ್ನು ಪೋಸ್ಟರ್ ಮೇಲಿನ ನಿಜವಾದ ಅಳತೆಯಲ್ಲೇ ಬರೆಯಿರಿ. ಆಗ ನೀವು ಕೊಟ್ಟ ಪಾಯಿಂಟ್ ಹಾಗೇ ಉಳಿಯುತ್ತದೆ. ಆರ್ ಬಳಸುವವರಿಗೆ, `d` ಅಂದರೆ ನಿಮ್ಮ ಡೇಟಾ, `reach` ಕಾಲುವೆಯ ಭಾಗ, `ec` ಇಸಿ:

```r
library(ggplot2)
p <- ggplot(d, aes(reach, ec)) +
  geom_jitter(width = 0.1, height = 0, size = 5) +
  stat_summary(fun = mean, fun.min = mean, fun.max = mean,
               geom = "crossbar", width = 0.4) +
  geom_hline(yintercept = 4, linetype = 2) +
  theme_classic(base_size = 30)
ggsave("ec.svg", p, width = 50, height = 36, units = "cm")
```

ಇಲ್ಲಿ ಎರಡು ವಿಷಯ ನೋಡಿ. `height = 0` ಹಾಕದಿದ್ದರೆ ಚುಕ್ಕಿಗಳು ಮೇಲೆ ಕೆಳಗೂ ಅಲುಗುತ್ತವೆ, ಅಂದರೆ ನಿಮ್ಮ ಇಸಿ ಅಂಕಿಯೇ ತಪ್ಪಾಗಿ ಕಾಣುತ್ತದೆ. ಹಾಗೆಯೇ ಅಕ್ಷದ ಅಂಕಿಗಳು `base_size` ನ 0.8 ಪಟ್ಟು ಬರುತ್ತವೆ. 30 ಕೊಟ್ಟರೆ ಅವು 24 ಆಗುತ್ತವೆ, ಅದಕ್ಕೇ 30 ಕೊಟ್ಟಿದ್ದು. ಎಸ್‌ವಿಜಿ ಉಳಿಸಲು `svglite` ಪ್ಯಾಕೇಜ್ ಬೇಕು.

ಎಕ್ಸೆಲ್ ಬಳಸುವವರು ಚಾರ್ಟನ್ನು ಕಾಪಿ ಮಾಡಿ ಪವರ್‌ಪಾಯಿಂಟ್‌ನಲ್ಲಿ ಚಾರ್ಟ್ ಆಗಿಯೇ ಪೇಸ್ಟ್ ಮಾಡಿ, ಅಲ್ಲೇ ಅಕ್ಷರ 24ಕ್ಕೆ ಏರಿಸಿ. ಸ್ಕ್ರೀನ್‌ಶಾಟ್ ಮಾತ್ರ ತೆಗೆಯಬೇಡಿ.

ಗದ್ದೆಯ ಫೋಟೊ ಪ್ರಿಂಟ್‌ನಲ್ಲಿ ಮಸುಕು ಬರುತ್ತದೆ. ಮೊಬೈಲಲ್ಲಿ ಚೆನ್ನಾಗಿದೆ!

ಫೋಟೊ ವಾಟ್ಸಾಪ್‌ನಲ್ಲಿ ಫೋಟೊ ಆಗಿಯೇ ಬಂದಿತ್ತಾ? ಹಾಗಾದರೆ ಕಾರಣ ಅದೇ. ಅದು ಕಳಿಸುವಾಗ ಚಿತ್ರವನ್ನು ಚಿಕ್ಕದು ಮಾಡುತ್ತದೆ.

12 ಮೆಗಾಪಿಕ್ಸೆಲ್ ಫೋಟೊದ ಉದ್ದ ಬದಿಯಲ್ಲಿ 4000 ಪಿಕ್ಸೆಲ್ ಇರುತ್ತವೆ. ಪೋಸ್ಟರ್‌ನಲ್ಲಿ 36 ಸೆಂ.ಮೀ. ಅಗಲ ಅಂದರೆ ಸುಮಾರು 14 ಇಂಚು. ಇಂಚಿಗೆ 280 ಪಿಕ್ಸೆಲ್ ಬಂತು, ಅದ್ಭುತ. ಅದೇ ಫೋಟೊ 1600 ಪಿಕ್ಸೆಲ್‌ಗೆ ಇಳಿದಿದ್ದರೆ ಇಂಚಿಗೆ 113. ಪೋಸ್ಟರ್‌ಗೆ 150 ಇದ್ದರೆ ನೆಮ್ಮದಿ, 100ರ ತನಕ ಹೇಗೋ ನಡೆಯುತ್ತದೆ, ಅದಕ್ಕಿಂತ ಕಡಿಮೆಯಾದರೆ ಚೌಕ ಚೌಕ ಕಾಣುತ್ತದೆ. 600 ಪಿಕ್ಸೆಲ್‌ನ ಸ್ಕ್ರೀನ್‌ಶಾಟ್ ಇದೇ ಜಾಗದಲ್ಲಿ ಇಂಚಿಗೆ 42 ಕೊಡುತ್ತದೆ. ಇದನ್ನು ಯಾವ ಅಂಗಡಿಯವನೂ ಸರಿ ಮಾಡಲಾರ.

ಫೋಟೊಗಳನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಕೇಬಲ್‌ನಲ್ಲಿ ತೆಗೆದುಕೊಳ್ಳಿ. ಪವರ್‌ಪಾಯಿಂಟ್ ತಾನೂ ಚಿತ್ರ ಕುಗ್ಗಿಸುತ್ತದೆ. `File → Options → Advanced` ನಲ್ಲಿ `Do not compress images in file` ಗೆ ಟಿಕ್ ಹಾಕಿ, ಚಿತ್ರ ಸೇರಿಸುವ ಮೊದಲೇ.

ನಕ್ಷೆಯಲ್ಲಿ ಇಡೀ ಜಿಲ್ಲೆ ತೋರಿಸಬೇಕಾ?

ಬೇಡ. ರಾಯಚೂರು ಜಿಲ್ಲೆಯ ಎಲ್ಲ ತಾಲೂಕು ತೋರಿಸಿದರೆ ನಿಮ್ಮ ಕಾಲುವೆ ಒಂದು ಕೂದಲೆಳೆ. ಆ ಒಂದು ವಿತರಣಾ ಕಾಲುವೆ, ಮೂರು ಭಾಗಕ್ಕೆ ಮೂರು ಬಣ್ಣ, 36 ಚುಕ್ಕಿ, ಅಳತೆಪಟ್ಟಿ, ಉತ್ತರ ದಿಕ್ಕು. ಜಿಲ್ಲೆ ಎಲ್ಲಿದೆ ಅಂತ ತೋರಿಸಲು ಮೂಲೆಯಲ್ಲಿ 5 ಸೆಂ.ಮೀ.ನ ಸಣ್ಣ ನಕ್ಷೆ ಇಡಿ. ನಕ್ಷೆಯಲ್ಲಿ ಟೇಲ್‌ಎಂಡಿಗೆ ಯಾವ ಬಣ್ಣವೋ ಗ್ರಾಫಿನಲ್ಲೂ ಅದೇ ಬಣ್ಣ ಇರಲಿ. ಆಗ ಬಣ್ಣದ ಸೂಚಿಯೇ ಬೇಕಾಗುವುದಿಲ್ಲ. ಕೆಂಪು, ಹಸಿರು ಜೋಡಿ ಬೇಡ, ಆ ಎರಡು ಬಣ್ಣದ ವ್ಯತ್ಯಾಸ ಕಾಣದವರು ಎಲ್ಲ ಸಭೆಯಲ್ಲೂ ಇರುತ್ತಾರೆ. ನೀಲಿ, ಕಿತ್ತಳೆ, ಬೂದು ತೆಗೆದುಕೊಳ್ಳಿ.

## ಲೇಔಟ್

ಎಷ್ಟು ಕಾಲಂ ಮಾಡಬೇಕು? ಒಂದು ಲೆಕ್ಕ ಕೊಡಿ ಸರ್.

ಅಡ್ಡ ನಿಲ್ಲುವ ಎ0ಗೆ ಮೂರು ಕಾಲಂ. ಎರಡೂ ಬದಿ 3 ಸೆಂ.ಮೀ. ಅಂಚು, ಕಾಲಂಗಳ ನಡುವೆ ಎರಡೂವರೆ ಬಿಟ್ಟರೆ ಒಂದೊಂದು 36 ಸೆಂ.ಮೀ. ಸಿಗುತ್ತದೆ. ಉದ್ದ ನಿಲ್ಲುವ ಎ0ಗೆ ಮೂರು ಮಾಡಿದರೆ ಒಂದೊಂದು 25 ಸೆಂ.ಮೀ.ಗಿಂತ ಕಡಿಮೆ. 28 ಪಾಯಿಂಟ್ ಕನ್ನಡದಲ್ಲಿ ಸಾಲಿಗೆ ನಾಲ್ಕೈದು ಪದ ಬಂದರೆ ಹೆಚ್ಚು, ಓದುವಾಗ ಕಣ್ಣು ಕುಂಟುತ್ತದೆ. ಅಲ್ಲಿ ಎರಡೇ ಕಾಲಂ ಇಡಿ.

ಸವಳಿನ ಪೋಸ್ಟರ್ ಉದ್ದ ನಿಲ್ಲುವ ಎ0 ಅಂತಿಟ್ಟುಕೊಂಡು ಲೆಕ್ಕ ಹಾಕೋಣ. ಸುತ್ತ 3 ಸೆಂ.ಮೀ. ಅಂಚು ಬಿಟ್ಟರೆ ಒಳಗೆ 78.1 × 112.9 ಸೆಂ.ಮೀ. ಉಳಿಯಿತು. ಮೇಲೆ ಶೀರ್ಷಿಕೆ, ಹೆಸರುಗಳಿಗೆ 16 ಸೆಂ.ಮೀ. ಎತ್ತರ. ಅದರ ಕೆಳಗೆ ಮುಖ್ಯ ಚಿತ್ರದ ಪಟ್ಟಿ, 42 ಸೆಂ.ಮೀ. ಅದರಲ್ಲಿ ಎಡಕ್ಕೆ 50 ಸೆಂ.ಮೀ. ಅಗಲದ ಚುಕ್ಕಿ ಗ್ರಾಫ್, ಬಲಕ್ಕೆ 26 ಸೆಂ.ಮೀ.ನಲ್ಲಿ ದೊಡ್ಡ ಅಕ್ಷರದ ಫಲಿತಾಂಶ. ಅದರ ಕೆಳಗೆ 40 ಸೆಂ.ಮೀ. ಎತ್ತರದ ಎರಡು ಕಾಲಂ, ಒಂದೊಂದು 38 ಸೆಂ.ಮೀ.: ಎಡದಲ್ಲಿ ಸಮಸ್ಯೆ, ನಕ್ಷೆ, ವಿಧಾನ, ಬಲದಲ್ಲಿ ಇಳುವರಿ ಗ್ರಾಫ್, ತೀರ್ಮಾನ, ಮಿತಿ. ತಳದಲ್ಲಿ 8.9 ಸೆಂ.ಮೀ. ಆಕರ, ಕೃತಜ್ಞತೆ, ಕ್ಯೂಆರ್ ಕೋಡ್. ನಡುನಡುವೆ 2 ಸೆಂ.ಮೀ. ಖಾಲಿ. ಕೂಡಿಸಿದರೆ ಸರಿಯಾಗಿ 112.9 ಬರುತ್ತದೆ.

ಮುಖ್ಯ ಚಿತ್ರ ಮೇಲೆ ಯಾಕೆ ಅಂದರೆ ಅಲ್ಲಿ ಅದು ನಿಂತವನ ಕಣ್ಣಿನ ಎತ್ತರಕ್ಕೆ ಸಿಗುತ್ತದೆ. ತಳದ ಭಾಗ ಸೊಂಟದ ಕೆಳಗಿರುತ್ತದೆ, ಬಗ್ಗಿ ಓದುವವರು ಕಡಿಮೆ. ಮುಖ್ಯ ಫಲಿತಾಂಶವನ್ನು ತಳದ ಬಲ ಮೂಲೆಯಲ್ಲಿ ಹೂತುಹಾಕುವ ಅಭ್ಯಾಸ ನನಗೆ ಯಾವತ್ತೂ ಅರ್ಥವಾಗಿಲ್ಲ.

ನಡುವೆ ಒಂದೇ ದೊಡ್ಡ ವಾಕ್ಯ ಇಡುವ ಪೋಸ್ಟರ್ ನೋಡಿದೆ. ಹಾಗೆ ಮಾಡಬಹುದಾ?

ಅದು ಅಮೆರಿಕದ ಸಂಶೋಧಕ ಮೈಕ್ ಮಾರಿಸನ್ 2019ರಲ್ಲಿ ಮುಂದಿಟ್ಟ ಮಾದರಿ. ನಡುವೆ ದಪ್ಪ ಅಕ್ಷರದಲ್ಲಿ ಫಲಿತಾಂಶ, ಎರಡು ಬದಿಗೆ ಸಣ್ಣ ಪಟ್ಟಿಗಳಲ್ಲಿ ವಿವರ. ನೂರಾರು ಪೋಸ್ಟರ್ ಇರುವ ದೊಡ್ಡ ಹಾಲ್‌ನಲ್ಲಿ, ನಡೆದುಹೋಗುತ್ತಲೇ ಓದುವವರಿಗೆ ಅದು ಚೆನ್ನ. ಇಪ್ಪತ್ತು ಪೋಸ್ಟರ್ ಇಟ್ಟು ತೀರ್ಪುಗಾರರು ಒಂದೊಂದರ ಮುಂದೆ ನಿಂತು ಅಂಕ ಹಾಕುವ ಕಾಲೇಜು ಸ್ಪರ್ಧೆಯಲ್ಲಿ "ಡೇಟಾ ಎಲ್ಲಪ್ಪಾ?" ಅಂತ ಕೇಳುತ್ತಾರೆ. ನಾನು ಮೇಲೆ ಕೊಟ್ಟ ಲೇಔಟ್ ಅದರ ಅರ್ಧ ದಾರಿ: ವಾಕ್ಯವೂ ದೊಡ್ಡದು, ಪಕ್ಕದಲ್ಲೇ ಸಾಕ್ಷಿಯೂ ದೊಡ್ಡದು.

ಹಿನ್ನೆಲೆಗೆ ಹಸಿರು ಗದ್ದೆಯ ಫೋಟೊ ಹಾಕಿದರೆ ಚಂದ ಕಾಣುತ್ತೆ, ಅಲ್ವಾ?

ಇಲ್ಲ. ಅಕ್ಷರ ಅರ್ಧ ತೆನೆಯ ಮೇಲೆ, ಅರ್ಧ ಆಕಾಶದ ಮೇಲೆ ಬೀಳುತ್ತದೆ. ಬಿಳಿ ಇರಲಿ.

## ಕನ್ನಡ ಅಕ್ಷರ ಮತ್ತು ಪ್ರಿಂಟ್

ಕೃಷಿ ಮೇಳಕ್ಕೆ ಕನ್ನಡದಲ್ಲೇ ಮಾಡುತ್ತಿದ್ದೇವೆ. ಏನಾದರೂ ಬದಲಿಸಬೇಕಾ?

ಸಾಲಿನ ಅಂತರ ಬದಲಿಸಿ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ ಏರುತ್ತದೆ. ಅಂತರ ಒಂದಕ್ಕೆ ಒಂದು ಇಟ್ಟರೆ ಮೇಲಿನ ಸಾಲಿನ "ತ್ತ", "ಷ್ಟ್ರ"ಗಳು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತವೆ. 1.2ರಿಂದ 1.3 ಇಡಿ. ಪಠ್ಯವನ್ನು ಎಡಕ್ಕೆ ಮಾತ್ರ ಹೊಂದಿಸಿ. ಎರಡೂ ಬದಿ ಸಮ ಮಾಡಿದರೆ ನಮ್ಮ ಉದ್ದ ಪದಗಳ ನಡುವೆ ದೊಡ್ಡ ದೊಡ್ಡ ಕಂದಕ ಬೀಳುತ್ತವೆ. ಪೂರ್ತಿ ಪ್ಯಾರಾ ದಪ್ಪ ಮಾಡಬೇಡಿ, ಒತ್ತಕ್ಷರದ ಒಳಗಿನ ಬಿಳಿ ಮುಚ್ಚಿಹೋಗುತ್ತದೆ.

ಮೇಳಕ್ಕೆ ಬರುವ ರೈತರಿಗೆ ಇಸಿ ಅನ್ನುವುದಕ್ಕಿಂತ ಸವಳು ಗೊತ್ತು. ಗ್ರಾಫಿನ ಅಕ್ಷದಲ್ಲಿ "ಮಣ್ಣಿನ ಸವಳು" ಅಂತ ದೊಡ್ಡದಾಗಿ, ಕೆಳಗೆ ಸಣ್ಣದಾಗಿ ಇಸಿ ಮತ್ತು ಅದರ ಮಾನ ಬರೆಯಿರಿ. ಕನ್ನಡ ಹೆಸರುಗಳನ್ನು ಗ್ರಾಫ್ ತಂತ್ರಾಂಶದಲ್ಲಿ ಹಾಕಿದಾಗ ಒತ್ತಕ್ಷರ ಒಡೆದರೆ, ಗ್ರಾಫಿನಲ್ಲಿ ಅಂಕಿ ಮಾತ್ರ ಇಟ್ಟು ಹೆಸರುಗಳನ್ನು ಪವರ್‌ಪಾಯಿಂಟ್‌ನಲ್ಲಿ ಬರೆಯಿರಿ.

ಅಂಗಡಿಯಲ್ಲಿ ತೆರೆದಾಗ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆ ಆಗಿಬಿಟ್ಟಿತು. ಯಾಕೆ?

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ, ಆ ಫಾಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ಇಲ್ಲ. ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ತುಂಡುಗಳನ್ನು ಇಟ್ಟಿರುತ್ತವೆ. ಫಾಂಟ್ ಹೋದರೆ ಉಳಿಯುವುದು ಆ ಇಂಗ್ಲಿಷ್ ಅಕ್ಷರಗಳೇ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ವಿಂಡೋಸ್ ಜೊತೆ ಬರುವ ನಿರ್ಮಲಾ ಯುಐ, ಅಥವಾ ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ ಸಾಕು.

ಅಂಗಡಿಗೆ ಪವರ್‌ಪಾಯಿಂಟ್ ಫೈಲ್ ಕೊಡಬೇಡಿ, ಪಿಡಿಎಫ್ ಕೊಡಿ. ಅಕ್ರೊಬ್ಯಾಟ್ ರೀಡರ್‌ನಲ್ಲಿ `Ctrl+D` ಒತ್ತಿ `Fonts` ತೆರೆದು ಪ್ರತಿ ಫಾಂಟ್ ಎದುರು `Embedded` ಅಂತ ಇದೆಯಾ ನೋಡಿ. ಅಂಗಡಿಯವರು ಪಿಡಿಎಫ್ ಅನ್ನು ಕೋರೆಲ್‌ಡ್ರಾದಲ್ಲಿ ತೆರೆದು ಪ್ರಿಂಟ್ ಕೊಡುತ್ತಾರೆ ಅಂದರೆ ಅಲ್ಲೂ ಒತ್ತಕ್ಷರ ಒಡೆಯಬಹುದು. ಅದಕ್ಕೆ ಪೂರ್ತಿ ಪೋಸ್ಟರ್ ಅನ್ನು ಇಂಚಿಗೆ 150 ಪಿಕ್ಸೆಲ್‌ನ ಚಿತ್ರವಾಗಿಯೂ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಎ0ಗೆ ಅದು ಸುಮಾರು 4970 × 7020 ಪಿಕ್ಸೆಲ್ ಆಗುತ್ತದೆ. ಪ್ರಿಂಟ್ ಬಟನ್ ಒತ್ತುವ ಮೊದಲು ಅವರ ಸ್ಕ್ರೀನ್ ಮೇಲೆ ಶೀರ್ಷಿಕೆ ಮತ್ತು ಒಂದು ಪ್ಯಾರಾ ಓದಿ ನೋಡಿ.

ಫ್ಲೆಕ್ಸ್ ಒಳ್ಳೆಯದಾ, ಪೇಪರ್ ಒಳ್ಳೆಯದಾ?

ಸಣ್ಣ ಅಕ್ಷರ, ತೆಳು ಗೆರೆ ಇರುವ ಪೋಸ್ಟರ್‌ಗೆ ಮ್ಯಾಟ್ ಪೇಪರ್. ಸಿವಿಲ್ ಡ್ರಾಯಿಂಗ್ ತೆಗೆಯುವ ಜೆರಾಕ್ಸ್ ಅಂಗಡಿಗಳಲ್ಲಿ 36 ಇಂಚಿನ ಪ್ಲಾಟರ್ ಇರುತ್ತದೆ, ಎ0ದ 33 ಇಂಚು ಅಗಲ ಅದರಲ್ಲಿ ಆರಾಮಾಗಿ ಕೂರುತ್ತದೆ. ಫ್ಲೆಕ್ಸ್ ಅಗ್ಗ, ನೀರು ಬಿದ್ದರೂ ಹಾಳಾಗುವುದಿಲ್ಲ. ಆದರೆ ಅದರ ಮೈ ಹೊಳೆಯುತ್ತದೆ, ಟ್ಯೂಬ್‌ಲೈಟ್ ಕೆಳಗೆ ಅರ್ಧ ಪೋಸ್ಟರ್ ಬೆಳಕೇ ಆಗಿಬಿಡುತ್ತದೆ. ಶಾಮಿಯಾನದ ಕೆಳಗಿನ ಮೇಳಕ್ಕೆ ಫ್ಲೆಕ್ಸ್, ಹಾಲ್ ಒಳಗಿನ ಸಮ್ಮೇಳನಕ್ಕೆ ಪೇಪರ್. ಎರಡನ್ನೂ ಮಡಚಬೇಡಿ. ಪ್ಲಂಬಿಂಗ್ ಅಂಗಡಿಯ ಪಿವಿಸಿ ಪೈಪಿನ ತುಂಡಿನಲ್ಲಿ ಸುರುಳಿ ಸುತ್ತಿಟ್ಟರೆ ಬಸ್ಸಿನ ಲಗೇಜ್ ಕ್ಯಾರಿಯರ್ ಮೇಲೂ ಬದುಕುತ್ತದೆ.

ಕ್ಯೂಆರ್ ಕೋಡ್ ಎಷ್ಟು ದೊಡ್ಡದು?

ಸ್ಕ್ಯಾನ್ ಮಾಡುವ ದೂರದ ಹತ್ತನೇ ಒಂದು ಭಾಗ. 70 ಸೆಂ.ಮೀ. ದೂರಕ್ಕೆ 7 ಸೆಂ.ಮೀ. ಲಿಂಕ್ ಲಾಗಿನ್ ಕೇಳದೆ ತೆರೆಯುತ್ತದಾ ಅಂತ ಬೇರೆಯವರ ಮೊಬೈಲಲ್ಲಿ ನೋಡಿ.

ಪ್ರಿಂಟಿಗೆ ಕೊಡುವ ಹಿಂದಿನ ದಿನ ಗೈಡ್ "ಆ ಪಿಎಚ್ ಟೇಬಲ್ ಒಂದು ಸೇರಿಸಿಬಿಡು" ಅಂದರು. ಏನು ಮಾಡಲಿ?

ಜಾಗ ಮಾಡಲು ಎಲ್ಲ ಅಕ್ಷರ 28ರಿಂದ 22ಕ್ಕೆ ಇಳಿಸುವುದು ಎಲ್ಲರಿಗೂ ಹೊಳೆಯುವ ದಾರಿ, ಅದನ್ನು ಮಾತ್ರ ಮಾಡಬೇಡಿ. ಮೊದಲು ಪಿಎಚ್‌ನಿಂದ ನಿಮ್ಮ ಮುಖ್ಯ ವಾಕ್ಯ ಬದಲಾಗುತ್ತದಾ ಅಂತ ನೋಡಿ. ಟೇಲ್‌ಎಂಡಿನಲ್ಲಿ ಪಿಎಚ್ 8.5 ದಾಟಿದ್ದರೆ ವಿಷಯ ಗಂಭೀರ. ಅಲ್ಲಿ ಬರೀ ಉಪ್ಪಲ್ಲ, ಸೋಡಿಯಂ ಸಮಸ್ಯೆಯೂ ಇರಬಹುದು, ಅದಕ್ಕೆ ಪರಿಹಾರವೂ ಬೇರೆ, ಜಿಪ್ಸಂ ಮಾತು ಬರುತ್ತದೆ. ಹಾಗಿದ್ದರೆ ಗೈಡ್ ಹೇಳಿದ್ದೇ ಸರಿ. ಟೇಬಲ್ ಬದಲು ಫಲಿತಾಂಶದಲ್ಲಿ ಒಂದು ಸಾಲು ಸೇರಿಸಿ: "ಟೇಲ್‌ಎಂಡಿನ 12ರಲ್ಲಿ 5 ಗದ್ದೆಗಳ ಪಿಎಚ್ 8.5ಕ್ಕಿಂತ ಹೆಚ್ಚು." ಅದಕ್ಕೆ ಜಾಗ ಬೇಕಾದರೆ ಪೀಠಿಕೆಯಿಂದ ಎರಡು ಸಾಲು ತೆಗೆಯಿರಿ.

ಮೂರೂ ಭಾಗದಲ್ಲಿ ಪಿಎಚ್ ಹೆಚ್ಚುಕಡಿಮೆ ಒಂದೇ ಇದ್ದರೆ ಆ ಟೇಬಲ್ ಅನ್ನು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು, ಹತ್ತು ಪ್ರತಿ ಪೋಸ್ಟರ್ ಪಕ್ಕದ ಕವರಿನಲ್ಲಿ ಇಡಿ. ಕೇಳಿದವರಿಗೆ ಕೊಡಿ, ಗೈಡ್‌ಗೆ ಮೊದಲ ಪ್ರತಿ.